ಅಂಗಡಿ ಲೆಕ್ಕ, ಭಾಗ 4: ಮುನಿಸಿಕೊಂಡಿರೋ ಲೆಕ್ಕದ ಮಾಮ

ಕಳೆದ ಪೋಸ್ಟಿಗೆ ನಿಮ್ಮಲ್ಲಿ ಸುಮಾರು ಜನ ಒಂದೇ ಮಾತು ಬರೆದಿದ್ರಿ: "ಕಂಪ್ಯೂಟರ್ ಕಲಿಯಲ್ಲ ಅಂದ್ರೆ ಮನೆಗೆ ಕಳಿಸಿ, ಬೇರೆ ಹುಡುಗನ್ನ ಇಟ್ಕೊಳ್ಳಿ." ನಾನು ಇದನ್ನ ಒಪ್ಪಲ್ಲ. ಯಾಕೆ ಅಂತ ಇವತ್ತು ಬಿಡಿಸಿ ಹೇಳ್ತೀನಿ.

ಹೊಸಬರಿಗೆ ಚಿಕ್ಕದಾಗಿ: ದಾವಣಗೆರೆ ಹತ್ರದ ಒಂದು ಸಣ್ಣ ಊರಲ್ಲಿ ನಮ್ಮ ದೊಡ್ಡಪ್ಪಂದು ಕಿರಾಣಿ ಅಂಗಡಿ. ಅಲ್ಲಿ 24 ವರ್ಷದಿಂದ ಕೆಲಸ ಮಾಡ್ತಿರೋರನ್ನ ನಾವೆಲ್ಲ ಲೆಕ್ಕದ ಮಾಮ ಅಂತೀವಿ. ಹದಿನೈದು ಸಾಮಾನು ಕಟ್ಟಿ, ಚೀಟಿ ಮೇಲೆ ರೇಟು ಬರ್ಕೊಂಡು, ಕೆಳಗಿಂದ ಮೇಲಕ್ಕೆ ಕಣ್ಣಾಡಿಸಿದ್ರೆ ಮುಗೀತು, ಮೊತ್ತ ರೆಡಿ. ಈಗ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬಂದಿದೆ, ಸ್ಕ್ಯಾನರ್ ಬಂದಿದೆ. ಮಾಮ ಮಾತು ಬಿಟ್ಟಿದ್ದಾರೆ. ಗಿರಾಕಿ ರೇಟು ಕೇಳಿದ್ರೆ "ಕಂಪ್ಯೂಟರ್ ಕೇಳ್ರಿ" ಅಂತಾರೆ. ಅಂಗಡಿ ಚಹಾನೂ ಕುಡೀತಿಲ್ಲ, ಎದುರಿನ ಗೂಡಂಗಡಿಗೆ ಹೋಗಿ ಕುಡಿದು ಬರ್ತಾರೆ. ಎಲ್ಲರಿಗೂ ಕಾಣೋ ಹಾಗೆ.

ಮುನಿಸು ಮಷೀನಿನ ಮೇಲೆ ಅಲ್ಲ ಅಂತ ನನ್ನ ಅಂದಾಜು. ಮೊದಲೆಲ್ಲ ಹಳೇ ಗಿರಾಕಿಗೆ ಐದು ರೂಪಾಯಿ ಬಿಡೋದು ಮಾಮನ ಕೈಲಿತ್ತು. ಈಗ ಡಿಸ್ಕೌಂಟ್ ಒತ್ತಿದ್ರೆ ಮಾಲೀಕರ ಪಾಸ್‌ವರ್ಡ್ ಕೇಳುತ್ತೆ. ಅದೂ ಗಿರಾಕಿ ಮುಂದೆ. 24 ವರ್ಷ ಗಲ್ಲಾಪೆಟ್ಟಿಗೆ ಬೀಗದ ಕೈ ಇಟ್ಕೊಂಡಿದ್ದ ಮನುಷ್ಯನಿಗೆ ಅದು ಹೇಗೆ ಕೇಳಿಸಿರಬಹುದು? "ನಿನ್ನ ಮೇಲೆ ನಂಬಿಕೆ ಇಲ್ಲ" ಅಂತಾನೇ. ಅದರ ಮೇಲೆ, ಕಲಿಸೋಕೆ ಕೂರಿಸಿದ್ದು ಹೋದ ವರ್ಷ ಸೇರಿದ ಹತ್ತೊಂಬತ್ತರ ಹುಡುಗನ್ನ.

ಹಾಗಂತ ಚೀಟಿ ಮೇಲೇ ನಡೆಸೋಕೂ ಆಗಲ್ಲ. ದೊಡ್ಡಪ್ಪ ರೆಗ್ಯುಲರ್ ಜಿಎಸ್‌ಟಿಯಲ್ಲಿ ಇದ್ದಾರೆ. ಸುತ್ತಲ ಹಳ್ಳಿಯ ರಿಜಿಸ್ಟರ್ಡ್ ಅಂಗಡಿಯವರು ಇವರ ಹತ್ರ ಮಾಲು ತಗೊಳ್ತಾರೆ. ಆ ಬಿಲ್ಲು ಮುಂದಿನ ತಿಂಗಳ ರಿಟರ್ನ್‌ನಲ್ಲಿ ಹೋಗದಿದ್ರೆ, ಅವರು ಕಟ್ಟಿದ ತೆರಿಗೆಯ ಕ್ರೆಡಿಟ್ ಅವರಿಗೆ ಸಿಗಲ್ಲ. ಒಂದು ಸಲ ಹೀಗಾದ್ರೆ ಎರಡನೇ ಸಲ ಬೇರೆ ಅಂಗಡಿಗೆ ಹೋಗ್ತಾರೆ. ಇನ್ನು ರೇಟು ನೋಡಿ: 2025ರ ಸೆಪ್ಟೆಂಬರ್ 22ಕ್ಕೆ ಸೋಪು, ಶಾಂಪೂ, ಟೂತ್‌ಪೇಸ್ಟು, ಬಿಸ್ಕತ್ತು 18ರಿಂದ 5ಕ್ಕೆ ಇಳಿದವು. ತುಪ್ಪ 12ರಿಂದ 5ಕ್ಕೆ. ಒಂದೇ ರಾತ್ರಿಯಲ್ಲಿ ಇಷ್ಟನ್ನ ತಲೇಲಿ ಬದಲಾಯಿಸ್ಕೊಳ್ಳೋದು ಲೆಕ್ಕದ ಮಾಮನಿಗೂ ಕಷ್ಟ.

ಈಗ ಅಸಲಿ ವಿಷಯ. ಹೊಸ ಬಿಲ್ಲಿಂಗ್ ಶುರುವಾದ ಎರಡನೇ ವಾರ, ಸಂತೆ ದಿನ ರಾತ್ರಿ ದೊಡ್ಡಪ್ಪ ಗಲ್ಲಾ ಎಣಿಸಿದ್ರು. ಸಾಫ್ಟ್‌ವೇರ್ ಪ್ರಕಾರ ಆ ದಿನದ ವ್ಯಾಪಾರ 38,460. ಅದರಲ್ಲಿ ಫೋನ್‌ನಲ್ಲಿ ಬಂದಿದ್ದು 17,250, ಉದ್ರಿ 4,600. ಅಂದ್ರೆ ನಗದು 16,610 ಬರಬೇಕಿತ್ತು. ಬೆಳಿಗ್ಗೆ ಚಿಲ್ಲರೆಗೆ ಅಂತ ಇಟ್ಟಿದ್ದ 2,000 ಸೇರಿಸಿದ್ರೆ 18,610. ಗಲ್ಲಾದಲ್ಲಿ ಇದ್ದದ್ದು 19,890. 1,280 ರೂಪಾಯಿ ಜಾಸ್ತಿ!

ದೊಡ್ಡಪ್ಪ ರೇಗಿದ್ರು, "ಲೆಕ್ಕ ತಪ್ಪಿಸ್ತಿದ್ದಾನೆ" ಅಂತ. ಆದ್ರೆ ಒಂದು ನಿಮಿಷ ನಿಂತು ಯೋಚಿಸಿ. ಕದಿಯೋರ ಗಲ್ಲಾದಲ್ಲಿ ದುಡ್ಡು ಕಡಿಮೆ ಇರುತ್ತೆ, ಇಲ್ಲವೇ ಸರಿಯಾಗಿ ಹೊಂದುತ್ತೆ. ಯಾಕಂದ್ರೆ ಬಿಲ್ ಮಾಡದೇ ಮಾರಿದ್ದರ ದುಡ್ಡು ಜೇಬಿಗೆ ಹೋಗಿರುತ್ತೆ. ಜಾಸ್ತಿ ಇದೆ ಅಂದ್ರೆ ಮಾಲು ಹೋಗಿದೆ, ದುಡ್ಡು ಗಲ್ಲಾಕ್ಕೆ ಬಂದಿದೆ, ಬಿಲ್ಲು ಮಾತ್ರ ಆಗಿಲ್ಲ. ಮಾಮ ಜನ ಜಾಸ್ತಿಯಾದಾಗ ಹಳೇ ರೀತಿ ಚೀಟೀಲೇ ಮುಗಿಸಿ, ಒಂದೊಂದು ರೂಪಾಯಿನೂ ಗಲ್ಲಾಕ್ಕೆ ಹಾಕಿದ್ರು. ತೆರಿಗೆ ಲೆಕ್ಕದಲ್ಲಿ ಇದು ತಪ್ಪೇ. ಆದ್ರೆ ಕಳ್ಳತನ ಅಲ್ಲ. ಈ ಎರಡನ್ನೂ ಒಂದೇ ದನಿಯಲ್ಲಿ ಬೈದ್ರೆ ಕೆಲಸಗಾರ ಕೈ ತಪ್ಪಿ ಹೋಗ್ತಾನೆ.

ಪುಣ್ಯಕ್ಕೆ ದೊಡ್ಡಪ್ಪ ಗಿರಾಕಿಗಳ ಮುಂದೆ ಏನೂ ಅನ್ನಲಿಲ್ಲ. ಮಾರನೇ ದಿನ ಶೆಟರ್ ಎಳೆದ ಮೇಲೆ ಕೂರಿಸ್ಕೊಂಡು, "ನಿನ್ನೆ ಗಲ್ಲಾದಲ್ಲಿ 1,280 ಜಾಸ್ತಿ ಐತಿ. ನೀನು ಒಂದು ಪೈಸೆ ಮುಟ್ಟಿಲ್ಲ ಅಂತ ಅದೇ ಹೇಳ್ತತಿ. ಬಿಲ್ಲು ಯಾಕೆ ಮಾಡ್ಲಿಲ್ಲ, ಅದನ್ನ ಹೇಳು" ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮಾಮ ಬಾಯಿಬಿಟ್ರು: "ಸಾವ್ಕಾರ್ರೇ, ಅರ್ಧ ಕೆಜಿ ಬೆಲ್ಲಕ್ಕೆ ಆ ಪಟ್ಟೀಲಿ ಹುಡುಕ್ತಾ ನಿಂತ್ರೆ ಹಿಂದೆ ಹತ್ತು ಜನ ನಿಂತಿರ್ತಾರ. ಅಕ್ಷರನೂ ಇಂಗ್ಲಿಷು, ಇರುವೆ ಕಾಲಿನಷ್ಟು."

ಮಾಮನ ಮಾತು ನ್ಯಾಯವಾದದ್ದೇ. ಪ್ಯಾಕೆಟ್ಟಿಗೆ ಬಾರ್‌ಕೋಡ್ ಇರುತ್ತೆ, ಟಕ್ ಅಂತ ಆಗುತ್ತೆ. ಲೂಸ್ ಮಾಲಿಗೆ ಅದು ಇಲ್ಲ. ನಿಧಾನ ಆಗೋದು ಅಲ್ಲೇ.

ಇಲ್ಲಿ ನಮ್ಮ ಬಿಕಾಂ ಪುಸ್ತಕ ಸ್ವಲ್ಪ ಕೆಲಸಕ್ಕೆ ಬಂತು. (ಹೌದು, ನನಗೂ ಆಶ್ಚರ್ಯ.) ಜಿಎಸ್‌ಟಿ ನಿಯಮದಲ್ಲಿ 200 ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ, ತಗೊಳ್ಳೋರು ರಿಜಿಸ್ಟರ್ಡ್ ಅಲ್ಲದಿದ್ರೆ ಮತ್ತು ಅವರು ಬಿಲ್ ಕೇಳದಿದ್ರೆ, ಒಂದೊಂದಕ್ಕೂ ಬಿಲ್ ಮಾಡಬೇಕಿಲ್ಲ. ದಿನದ ಕೊನೆಗೆ ಅಂಥದ್ದೆಲ್ಲ ಸೇರಿಸಿ ಒಂದೇ ಬಿಲ್ ಹಾಕಿದ್ರೆ ಸಾಕು. ಹಾಗಾಗಿ ಸಣ್ಣ ಲೂಸ್ ವ್ಯಾಪಾರಕ್ಕೆ ಮಾಮನಿಗೆ ಒಂದು ಉದ್ದ ಹಾಳೆ ಕೊಟ್ಟಾಯ್ತು, ಎರಡು ಕಾಲಮ್ ಹಾಕಿ. ಒಂದರಲ್ಲಿ ತೆರಿಗೆ ಇಲ್ಲದ್ದು: ಲೂಸ್ ಅಕ್ಕಿ, ಬೇಳೆ, ಬೆಲ್ಲ. ಇನ್ನೊಂದರಲ್ಲಿ 5 ಪರ್ಸೆಂಟಿನದು: ಸಕ್ಕರೆ, ಒಣಮೆಣಸಿನಕಾಯಿ, ಧನಿಯ. ಸಕ್ಕರೆ ಲೂಸ್ ಆಗಿ ಮಾರಿದ್ರೂ 5 ಇದೆ, ಬೆಲ್ಲಕ್ಕೆ ಲೂಸ್ ಆದ್ರೆ ಇಲ್ಲ. ಕಾಲಮ್ ಬೇರೆ ಇರದಿದ್ರೆ ರಾತ್ರಿ ಯಾವ ರೇಟಿಗೆ ಎಷ್ಟು ಅಂತ ಒಡೆಯೋಕೆ ಆಗಲ್ಲ. ರಾತ್ರಿ ಮಾಮ ಕೂಡಿಸ್ತಾರೆ, ಹುಡುಗ ಎಂಟ್ರಿ ಹಾಕ್ತಾನೆ.

200 ದಾಟಿದ್ರೆ, ಅಥವಾ ಹಳ್ಳಿ ಅಂಗಡಿಯವರು ಬಂದ್ರೆ, ಎಷ್ಟೇ ಗದ್ದಲ ಇರಲಿ ಬಿಲ್ಲು ಕಂಪ್ಯೂಟರಲ್ಲೇ. ಇದರಲ್ಲಿ ದೊಡ್ಡಪ್ಪ ಒಂಚೂರೂ ಬಗ್ಗಲಿಲ್ಲ, ಹಳೇ ಬಿಲ್ ಪುಸ್ತಕಗಳನ್ನ ಬೀರುವಿಗೆ ಹಾಕಿ ಬೀಗ ಹಾಕಿದ್ರು. ಅದು ಸರಿ ಅಂತೀನಿ. ಹಳೇ ಪುಸ್ತಕ ಕೈಗೆ ಸಿಗೋ ಜಾಗದಲ್ಲಿ ಇರೋ ತನಕ ಯಾರೂ ಹೊಸದಕ್ಕೆ ಬರಲ್ಲ.

ಬದಲಿಗೆ ಬೇರೆ ಕಡೆ ಬಗ್ಗಿದ್ರು. ಬಿಲ್ಲಿಗೆ ಹತ್ತು ರೂಪಾಯಿವರೆಗೆ ಬಿಡೋಕೆ ಪಾಸ್‌ವರ್ಡ್ ತೆಗೆಸಿದ್ರು. ಐಟಂ ಹೆಸರು ಕನ್ನಡಕ್ಕೆ ಬಂತು, ಅಕ್ಷರ ದೊಡ್ಡದಾಯ್ತು. ಲೂಸ್ ಐಟಂಗಳಿಗೆ ಎರಡಂಕಿ ಕೋಡ್ ಕೊಡೋ ಕೆಲಸ ಮಾಮನಿಗೇ ಬಿಟ್ರು. ಅವರು ಕೊಟ್ಟಿದ್ದು ಅಂಗಡೀಲಿ ಡಬ್ಬ ಜೋಡಿಸಿರೋ ಸಾಲಿನ ಪ್ರಕಾರ: ತೊಗರಿಬೇಳೆ 11, ಕಡ್ಲೆಬೇಳೆ 12, ಹೆಸರುಬೇಳೆ 13. ಸಾಫ್ಟ್‌ವೇರ್ ಕಂಪನಿಯ ಹುಡುಗ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಇಟ್ಟಿದ್ದ, ಯಾರಿಗೂ ನೆನಪಿರ್ತಿರಲಿಲ್ಲ. ಈಗ ಮಾಮ ಡಬ್ಬದ ಕಡೆ ನೋಡ್ತಾನೇ ನಂಬರ್ ಒತ್ತುತ್ತಾರೆ. ಕಲಿಸೋಕೆ ಬಂದಿದ್ದ ಹುಡುಗನೇ ಈಗ "ಮಾಮ, ಅಲಸಂದೆ ಎಷ್ಟು?" ಅಂತ ಕೇಳ್ತಾನೆ.

"ಕಳಿಸಿಬಿಡಿ" ಅಂದವರೇ, ಈ ಕೋಡ್ ಪಟ್ಟಿ ನಿಮ್ಮ ಹೊಸ ಹುಡುಗ ಮಾಡ್ತಿದ್ನಾ? ಯಾವ ಹಳ್ಳಿಯವರು ಕೊಯ್ಲಾದ ಮೇಲೆ ದುಡ್ಡು ಕೊಡ್ತಾರೆ, ಯಾರಿಗೆ ಎರಡನೇ ಸಲ ಉದ್ರಿ ಕೊಡಬಾರದು ಅನ್ನೋದು ಯಾವ ಸಾಫ್ಟ್‌ವೇರಲ್ಲೂ ಇಲ್ಲ, ಅದು ಮಾಮನ ತಲೇಲಿದೆ. ಅದನ್ನ ಕಂಪ್ಯೂಟರಿಗೆ ಇಳಿಸೋದು ಮುಂದಿನ ಜಗಳ. ಉದ್ರಿ ಪುಸ್ತಕ ಕೊಡೋಕೆ ಅವರು ಇನ್ನೂ ಒಪ್ಪಿಲ್ಲ. ಚಹಾ ಮಾತ್ರ ಮೊನ್ನೆಯಿಂದ ಅಂಗಡೀಲೇ ಕುಡೀತಿದ್ದಾರೆ, ಸಕ್ಕರೆ ಕಡಿಮೆ ಅಂತ ಬೈಕೊಂಡು.