ಅರ್ಧ ಮುಖ ಕತ್ತಲಾದರೆ ಪೂರ್ತಿ ಬೆಳಗಬೇಕಿಲ್ಲ



ನಮ್ಮ ಧರ್ಮಕೇಂದ್ರದ ಹಿರಿಯರ ಫೋಟೊ ತೆಗೆಯಲು ನಾವು ಕೆಲವರು ಅಕ್ಕಲಕೋಟದ ಸುತ್ತಲಿನ ಊರುಗಳಿಗೆ ಹೋಗಿದ್ದೆವು. ಒಂದು ಮನೆಯಲ್ಲಿ ವಯಸ್ಸಾದ ಆಯಿ ಕಿಟಕಿಯ ಪಕ್ಕ ಹೊರಸಿನ ಮೇಲೆ ಕೂತಿದ್ದರು. ಹಳೆಯ ಮಾಳಿಗೆ ಮನೆ, ದಪ್ಪ ಗೋಡೆ, ಇಡೀ ಕೋಣೆಗೆ ಅದೊಂದೇ ಸಣ್ಣ ಕಿಟಕಿ. ಬೆಳಕು ಚೆಂದ ಕಂಡಿತು, ಅಲ್ಲೇ ಫೋಟೊ ತೆಗೆದೆವು. ಮೊಬೈಲ್ ಕೈಗೆ ಕೊಟ್ಟಾಗ ಆಯಿ ಬಹಳ ಹೊತ್ತು ನೋಡಿ, "ತಮ್ಮಾ, ನನ್ನ ಅರ್ಧಾ ಮಾರಿ ಎಲ್ಲಿ ಹೋತೋ?" ಎಂದರು.

ನಿಜವೇ. ಕಿಟಕಿಯ ಕಡೆಯ ಕೆನ್ನೆ ಬೆಳಗಿತ್ತು, ಆಚೆ ಕೆನ್ನೆ ಗೋಡೆಯ ಜೊತೆ ಕತ್ತಲಲ್ಲಿ ಕರಗಿತ್ತು. ನಮ್ಮಲ್ಲೊಬ್ಬ ಅವಸರದಲ್ಲಿ ಮೊಬೈಲಿನ ಬ್ಯೂಟಿ ಫಿಲ್ಟರ್ ಒತ್ತಿದ. ಮುಖವೆಲ್ಲ ಒಂದೇ ಸಮ ಬೆಳ್ಳಗಾಯಿತು. ಸುಕ್ಕು ಹೋದವು, ಗದ್ದದ ಮೇಲಿನ ಹಚ್ಚೆಯ ಮೂರು ಚುಕ್ಕೆಗಳೂ ಹೋದವು. ಆಯಿ ಮೊಬೈಲ್ ತಿರುಗಿಸಿ ಕೊಟ್ಟು, "ಇದ್ಯಾರ ಮಾರಿ?" ಎಂದು ಕೇಳಿದರು. ಅವರ ಮನೆಯಲ್ಲಿ ಅವರ ಒಳ್ಳೆಯ ಫೋಟೊ ಬೇರೊಂದಿಲ್ಲ. ಗೋಡೆಗೆ ತೂಗುಹಾಕುವುದು ಇದನ್ನೇ.

ಇಂಥ ಫೋಟೊ ಸರಿಪಡಿಸುವಾಗ ಕತ್ತಲ ಕೆನ್ನೆಯನ್ನು ಬೆಳಕಿನ ಕೆನ್ನೆಯ ಸಮಕ್ಕೆ ತರುವುದು ತಪ್ಪು, ಅದು ಕಾಣುವಷ್ಟು ಮಾತ್ರ ಎತ್ತಬೇಕು ಎನ್ನುವುದು ನಮ್ಮ ಅಭಿಪ್ರಾಯ. ಮುಖದ ಉಬ್ಬುತಗ್ಗು ನಮಗೆ ತಿಳಿಯುವುದೇ ನೆರಳಿನಿಂದ. ಎರಡೂ ಬದಿ ಸಮವಾದರೆ ಮೂಗು ಚಪ್ಪಟೆಯಾಗುತ್ತದೆ, ಮುಖ ಪಾಸ್‌ಪೋರ್ಟ್ ಫೋಟೊದಂತೆ ಕಾಣುತ್ತದೆ. ರೋಮಿನ ಸ್ಯಾನ್ ಲುಯಿಜಿ ದೇಯಿ ಫ್ರಾಂಚೇಸಿ ದೇವಾಲಯದಲ್ಲಿ ಕಾರವಾಜ್ಜೊ 1599-1600ರಲ್ಲಿ ಬರೆದ 'ಸಂತ ಮತ್ತಾಯನ ಕರೆ' ಚಿತ್ರವಿದೆ. ಬೆಳಕು ಬಲಗಡೆಯಿಂದ ಓರೆಯಾಗಿ ಬರುತ್ತದೆ. ಕ್ರಿಸ್ತರ ಮುಖದ ಬಹುಭಾಗ ನೆರಳಿನಲ್ಲೇ ಇದೆ, ಆದರೂ ಅವರು ಯಾರೆಂದು ತಿಳಿಯದೆ ಹೋಗುವುದಿಲ್ಲ. ನಮಗೆ ಬೇಕಾದದ್ದು ಅಂಥ ನೆರಳು.

ಹಾಗಾದರೆ ಮುಖದ ಅರ್ಧ ಅಷ್ಟು ಕಪ್ಪಾದದ್ದೇಕೆ? ಬಯಲಿನಲ್ಲಿ ಒಂದು ಕಡೆಯಿಂದ ಬಿಸಿಲು ಬಿದ್ದರೂ ನೆಲ, ಗೋಡೆ, ಆಕಾಶದಿಂದ ಬೆಳಕು ಮರಳಿ ಬಂದು ನೆರಳನ್ನು ತುಂಬುತ್ತದೆ. ಈ ಕೋಣೆಯಲ್ಲಿ ಎದುರು ಗೋಡೆಗೆ ಕಡುಹಸಿರು ಬಣ್ಣ. ಅದರಿಂದ ಮರಳಿ ಬಂದದ್ದು ಅಷ್ಟಕ್ಕಷ್ಟೇ, ಬಂದದ್ದೂ ಹಸಿರು. ನಮ್ಮ ಕಣ್ಣು ಕತ್ತಲಿಗೆ ಹೊಂದಿಕೊಂಡು ಎರಡೂ ಕೆನ್ನೆಯನ್ನು ಕಂಡಿತ್ತು, ಕ್ಯಾಮೆರಾ ಬೆಳಕಿನ ಕೆನ್ನೆಯೊಂದಕ್ಕೇ ಹೊಂದಿಕೊಂಡಿತು.

ನಾವು ಈ ಫೋಟೊವನ್ನು ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಸರಿಪಡಿಸಿದೆವು. ಮೊದಲು `Color Picker` ಹಿಡಿದು ಎರಡೂ ಕೆನ್ನೆಯ ಕೆಂಪಿನ ಸಂಖ್ಯೆ ನೋಡಿದೆವು, 0ಯಿಂದ 255ರ ಲೆಕ್ಕದಲ್ಲಿ. ಬೆಳಕಿನ ಕೆನ್ನೆ 190ರ ಆಸುಪಾಸು, ಕತ್ತಲ ಕೆನ್ನೆ 45. ಸೊನ್ನೆಗೆ ಇಳಿದಿಲ್ಲ, ಅಂದರೆ ಅಲ್ಲಿ ಎತ್ತಲು ಇನ್ನೂ ಏನೋ ಉಳಿದಿದೆ. ಕತ್ತಲ ಬದಿಯ ಸಂಖ್ಯೆ ಬೆಳಕಿನದರ ಅರ್ಧಕ್ಕೆ ಬಂದರೆ ಸಾಕು ಎಂಬುದು ನಾವು ಇಟ್ಟುಕೊಂಡ ಅಳತೆ. ಇಲ್ಲಿ ಅದು 90-95.

ಚಿತ್ರದ ಪದರವನ್ನು `Duplicate Layer` ಒತ್ತಿ ಎರಡಾಗಿಸಿದೆವು. ಮೇಲಿನ ಪದರದಲ್ಲಿ `Colors > Curves` ತೆರೆದು, ಗೆರೆಯ ಕೆಳಭಾಗವನ್ನು ಕತ್ತಲ ಕೆನ್ನೆ 95 ಆಗುವ ತನಕ ಎತ್ತಿದೆವು. ಆಗ ಬೆಳಕಿನ ಕೆನ್ನೆ ಸುಣ್ಣ ಹಚ್ಚಿದಂತಾಗುತ್ತದೆ, ಗಾಬರಿ ಬೇಡ. ಆ ಪದರಕ್ಕೆ `Add Layer Mask` ಕೊಟ್ಟು `Black (full transparency)` ಆರಿಸಿದರೆ ಮೇಲಿನ ಪದರವೆಲ್ಲ ಮರೆಯಾಗುತ್ತದೆ. ಮಾಸ್ಕ್ ಎಂದರೆ ಒಂದು ಪರದೆ. ಅದರಲ್ಲಿ ಬಿಳಿ ಇದ್ದಲ್ಲಿ ತಿದ್ದಿದ ಪದರ ಕಾಣುತ್ತದೆ, ಕಪ್ಪು ಇದ್ದಲ್ಲಿ ಮೂಲ ಚಿತ್ರ, ಬೂದು ಇದ್ದಲ್ಲಿ ಎರಡೂ ಬೆರೆತು. ಮುಂಬಣ್ಣ ಬಿಳಿ, ಹಿಂಬಣ್ಣ ಕಪ್ಪು ಇಟ್ಟು, `Gradient` ಹಿಡಿದು, ಕತ್ತಲ ಬದಿಯ ಕಿವಿಯಿಂದ ಶುರುಮಾಡಿ ಮೂಗಿನ ಏಣಿನ ತನಕ ಎಳೆದೆವು. ಬಿಳಿ ಮೆಲ್ಲಗೆ ಕಪ್ಪಾಗುತ್ತ ಹೋಯಿತು, ಅದರಂತೆಯೇ ಕತ್ತಲ ಕೆನ್ನೆ ಕಿವಿಯ ಕಡೆ ಹೆಚ್ಚು, ಮೂಗಿನ ಕಡೆ ಕಡಿಮೆ ಬೆಳಗಿತು.

ಮೊದಲ ಸಲ ನಮಗೆ ಸರಿಬರಲಿಲ್ಲ. ಅವಸರಕ್ಕೆ ಚಿಕ್ಕದಾಗಿ ಎಳೆದಿದ್ದರಿಂದ ಹಣೆಯ ಮೇಲೆ ಮೇಲಿಂದ ಕೆಳಗೆ ಒಂದು ಪಟ್ಟಿ ಎದ್ದಿತು, ಯಾರೋ ಕಾಗದ ಅಂಟಿಸಿದ ಹಾಗೆ. ಇಳಿಜಾರು ಮುಖದ ಅಗಲದ ಅರ್ಧದಷ್ಟಾದರೂ ಇರಲೇಬೇಕು. ಅದೂ ನೇರ ಅಡ್ಡಕ್ಕಲ್ಲ. ಕಿಟಕಿ ಆಯಿಯ ತಲೆಗಿಂತ ಮೇಲಿತ್ತು, ನೆರಳು ಓರೆಯಾಗಿ ಕೆಳಗಿಳಿದಿತ್ತು. ಅದಕ್ಕೇ ಎಳೆಯುವ ಗೆರೆಯನ್ನೂ ಸ್ವಲ್ಪ ಓರೆ ಮಾಡಿ, ದವಡೆಯ ಕಡೆಯಿಂದ ಹುಬ್ಬಿನ ಕಡೆಗೆ ಎಳೆದೆವು. ಪಟ್ಟಿ ಮಾಯವಾಯಿತು.

ಆದರೆ ಹಿಂದಿನ ಗೋಡೆಯೂ ಬೆಳಗಿಬಿಟ್ಟಿತ್ತು. ಈ ಬಗೆಯ ಮಾಸ್ಕ್‌ಗೆ ಮುಖ ಯಾವುದು, ಗೋಡೆ ಯಾವುದು ಎಂದು ತಿಳಿಯುವುದಿಲ್ಲ. ತಲೆಯ ಹಿಂದೆ ಬೂದು ಮಂಜು ಕಂಡರೆ ಇದೇ ಕಾರಣ. ಮಾಸ್ಕ್ ಮೇಲೆಯೇ ಅಂಚು ಮೆತ್ತಗಿರುವ ದೊಡ್ಡ ಬ್ರಷ್‌ನಿಂದ, ಕಪ್ಪು ಬಣ್ಣದಲ್ಲಿ, ಗೋಡೆಯನ್ನು ತಡವಿದೆವು. ಸೆರಗಿನ ಅಂಚಿಗೆ ತೀರ ಹತ್ತಿರ ಹೋಗಲಿಲ್ಲ, ಹೋದರೆ ಅಂಚಿನಲ್ಲಿ ಕಪ್ಪು ಗೆರೆ ಉಳಿಯುತ್ತದೆ.

ಆಮೇಲೆ ಬಂದದ್ದು ಬಣ್ಣದ ತೊಂದರೆ. ಕತ್ತಲಲ್ಲಿ ಅಡಗಿದ್ದ ಗೋಡೆಯ ಹಸಿರು ಕೆನ್ನೆಯ ಮೇಲೆ ಎದ್ದು ಕಂಡಿತು, ಆಯಿಗೆ ಕಾಮಾಲೆ ಆದಂತೆ. ಮಾಸ್ಕ್ ಬಿಟ್ಟು ಮೇಲಿನ ಪದರದ ಚಿತ್ರವನ್ನೇ ಆರಿಸಿ, `Curves`ನಲ್ಲಿ ಹಸಿರು ಗೆರೆಯನ್ನು ನಡುವೆ ಕೂದಲೆಳೆಯಷ್ಟು ತಗ್ಗಿಸಿದಾಗ ಚರ್ಮದ ಬಣ್ಣ ಮರಳಿತು. ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸರಿಪಡಿಸಿದ ಫೋಟೊ ನೋಡುವಾಗ ಏನೋ ಸರಿಯಿಲ್ಲ ಅನಿಸಿದರೆ ಹೆಚ್ಚಾಗಿ ದೋಷ ಬೆಳಕಿನದಲ್ಲ, ನೆರಳಿನ ಬಣ್ಣದ್ದು.

ಕೊನೆಗೆ ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿದೆವು. ಅಷ್ಟು ಚಿಕ್ಕದರಲ್ಲೂ ಕಿಟಕಿ ಯಾವ ಕಡೆಗಿತ್ತೆಂದು ಥಟ್ಟನೆ ತಿಳಿಯಬೇಕು. ತಿಳಿಯಲಿಲ್ಲವೆಂದರೆ ಅತಿಯಾಗಿದೆ. ನಮ್ಮದು ಸ್ವಲ್ಪ ಅತಿಯಾಗಿತ್ತು. ಮೇಲಿನ ಪದರದ `Opacity`ಯನ್ನು 100ರಿಂದ 80ಕ್ಕೆ ಇಳಿಸಿದೆವು. ಕೆನ್ನೆ 95ಕ್ಕಿಂತ ಕೆಳಗಿಳಿಯಿತು, ಕಣ್ಣಿಗೆ ಅದೇ ಸರಿ ಕಂಡಿತು. ಅಳತೆ ಕೈಗಂಬದ ಹಾಗೆ, ದಾರಿ ತೋರಿಸಿದರೆ ಆಯಿತು.

ಎಲ್ಲ ಫೋಟೊಗಳಿಗೂ ಇದು ಆಗದು. ಅದೇ ದಿನ ಇನ್ನೊಂದು ಮನೆಯಲ್ಲಿ ಅಜ್ಜ ಒಬ್ಬರ ಕತ್ತಲ ಕೆನ್ನೆಯ ಸಂಖ್ಯೆ 10ನ್ನೂ ಮುಟ್ಟಿರಲಿಲ್ಲ. ಎತ್ತಿದರೆ ಚರ್ಮದ ಬದಲು ಕೆಂಪು, ನೀಲಿ ಮರಳು ಚೆಲ್ಲಿದಂತೆ ಕಾಣುತ್ತಿತ್ತು. ಅದನ್ನು ಹಾಗೇ ಬಿಟ್ಟು ಮತ್ತೆ ಹೋಗಿ ಫೋಟೊ ತೆಗೆದೆವು. ಈ ಸಲ ಜೊತೆಗೆ ಒಯ್ದದ್ದು ದೊಡ್ಡ ಬಿಳಿ ಸೊಲ್ಲಾಪುರ ಟವೆಲ್. ಕತ್ತಲ ಬದಿಯಲ್ಲಿ, ಮುಖದಿಂದ ಎರಡು ಮೂರು ಅಡಿ ದೂರ, ಒಬ್ಬ ಅದನ್ನು ಕಿಟಕಿಗೆ ಎದುರಾಗಿ ಬಿಡಿಸಿ ಹಿಡಿದ. ಕೆನ್ನೆ ತಾನಾಗಿ ತುಂಬಿಕೊಂಡಿತು. ಮೊದಲು ಆ ಮನೆಯವರು ಪ್ರೀತಿಯಿಂದ ತಮ್ಮ ಹೊಸ ಕೆಂಪು ಚಾದರ ತಂದುಕೊಟ್ಟಿದ್ದರು. ಅದನ್ನು ಹಿಡಿದಾಗ ಅಜ್ಜನ ಅರ್ಧ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತ್ತು.

ಆಯಿಯ ಫೋಟೊ ಮುದ್ರಿಸಿ ಕೊಟ್ಟೆವು. ಅವರು ಬೆರಳಿನಿಂದ ಗದ್ದದ ಚುಕ್ಕೆಗಳನ್ನು ಎಣಿಸಿದರು. ಮೂರೂ ಇದ್ದವು.