ಕೋಟ್ ಮಾರ್ಕ್ ಒಳಗೆ ಎಷ್ಟು ನಿಜ?

ಆತ್ಮಕಥೆಗಳಲ್ಲಿ ಮೂವತ್ತು ವರ್ಷ ಹಿಂದಿನ ಮಾತು ಅಕ್ಷರಕ್ಷರ ಕೋಟ್ ಮಾರ್ಕ್ ಒಳಗಿರುತ್ತೆ. ನಂಗೆ ನಿನ್ನೆ ಲ್ಯಾಬ್‌ನಲ್ಲಿ ಸರ್ ಹೇಳಿದ್ದೇ ಪೂರ್ತಿ ನೆನಪಿಲ್ಲ! ಆದ್ರೂ ಮಾತನ್ನು ಮತ್ತೆ ಕಟ್ಟೋದೇ ತಪ್ಪು ಅಂತ ನಾನು ಹೇಳಲ್ಲ.

ಅಮೆರಿಕದ ಲೇಖಕಿ ಮೇರಿ ಮೆಕಾರ್ಥಿ 1957ರಲ್ಲಿ ತಮ್ಮ ಬಾಲ್ಯದ ನೆನಪುಗಳನ್ನು ಪುಸ್ತಕ ಮಾಡಿದಾಗ, ಯಾವುದು ನೆನಪು, ಯಾವುದು ಊಹೆ ಅಂತ ಟಿಪ್ಪಣಿಗಳಲ್ಲಿ ಒಪ್ಪಿಕೊಂಡರು. ಅಪ್ಪ ಅಮ್ಮ 1918ರ ಫ್ಲೂನಲ್ಲಿ ತೀರಿಕೊಂಡ ಮೇಲೆ ಮಕ್ಕಳು ಬೇರೆಯವರ ಮನೆಯಲ್ಲಿ ಬೆಳೆದರು. ಒಂದು ದಿನ ತಮ್ಮನ ತಗಡಿನ ಚಿಟ್ಟೆ ಕಳೆದುಹೋಗಿ, ಊಟದ ಮೇಜಿನಲ್ಲಿ ಇವರ ಜಾಗದಲ್ಲಿ ಸಿಗುತ್ತದೆ. ಇವರಿಗೆ ಏಟು. ಅಲ್ಲಿಟ್ಟಿದ್ದು ಸಾಕುತ್ತಿದ್ದ ಅಂಕಲ್ಲೇ, ನಾನು ನೋಡಿದೆ ಅಂತ ಇನ್ನೊಬ್ಬ ತಮ್ಮ ವರ್ಷಗಳ ನಂತರ ಹೇಳಿದ ಅಂತ ಬರೆದಿದ್ದಾರೆ. ಆದರೆ ಟಿಪ್ಪಣಿಯಲ್ಲಿ ಬೇರೆಯೇ ಇದೆ. ಚಿಟ್ಟೆ, ಏಟು ಎರಡೂ ನೆನಪಿರೋದು ಮತ್ತೊಬ್ಬ ತಮ್ಮನಿಗೆ. ನೋಡಿದೆ ಅಂದ ತಮ್ಮನಿಗೆ ನೋಡಿದ್ದೂ ಹೇಳಿದ್ದೂ ನೆನಪಿಲ್ಲ. ಆ ಐಡಿಯಾ ಕಾಲೇಜಿನ ಟೀಚರ್ ಕೊಟ್ಟಿದ್ದಾ ಅಂತ ಮೆಕಾರ್ಥಿಗೇ ಅನುಮಾನ.

ನನ್ನ ಪ್ರಕಾರ ಗೆರೆ ಇಲ್ಲೇ. ಬೈಗುಳದ ಒಂದು ಪದ ಬದಲಾದರೆ ಯಾರಿಗೂ ಅನ್ಯಾಯ ಆಗಲ್ಲ. "ನಾನು ನೋಡಿದೆ" ಅನ್ನೋದು ಮಾತ್ರ ಒಬ್ಬ ಮನುಷ್ಯನನ್ನು ಅಪರಾಧಿ ಮಾಡುತ್ತೆ. ಅಂಥ ಮಾತಿಗೆ ಕೋಟ್ ಮಾರ್ಕ್ ಬೇಡ. ನಮಗಂತೂ 'ಅಂತೆ' ಇದೆಯಲ್ಲ, "ನೋಡಿದ್ದನಂತೆ" ಅಂತ ಬರೆಯಬಹುದು. ಹೇಳಿದ್ದೇ ಡೌಟ್ ಆದರೆ ಅದೂ ಸಾಲಲ್ಲ. ಮೆಕಾರ್ಥಿ ಥರ ತಮ್ಮನನ್ನೇ ಕೇಳಬೇಕು, ಅವನು ಇಲ್ಲ ಅಂದರೆ ಅದನ್ನೂ ಬರೀಬೇಕು.