ಗ್ರಾಹಕರಿಗೆ ಅಂಕ ನೀಡುವ ಮುನ್ನ ಹಂಗಾಮನ್ನೂ ಬಾಕಿಯನ್ನೂ ನೋಡಬೇಕು

ಯುಗಾದಿ, ದಸರಾ, ದೀಪಾವಳಿ ಸಮೀಪಿಸಿದಾಗ ವ್ಯಾಪಾರಸ್ಥರು ತಮ್ಮಲ್ಲಿರುವ ಎಲ್ಲ ದೂರವಾಣಿ ಸಂಖ್ಯೆಗಳಿಗೂ ಒಂದೇ ರಿಯಾಯಿತಿಯ ಸಂದೇಶ ಕಳುಹಿಸುವುದು ವಾಡಿಕೆಯಾಗಿದೆ. ಅದಕ್ಕೆ ಬದಲಾಗಿ, ಹಳೆಯ ಬಿಲ್ಲುಗಳನ್ನು ಆಧರಿಸಿ ಗ್ರಾಹಕರನ್ನು ವಿಂಗಡಿಸುವ ಒಂದು ಪದ್ಧತಿ ಬಹುಕಾಲದಿಂದ ಬಳಕೆಯಲ್ಲಿದೆ. ಗ್ರಾಹಕ ಕೊನೆಯ ಬಾರಿ ಬಂದು ಎಷ್ಟು ದಿನವಾಯಿತು, ವರ್ಷದಲ್ಲಿ ಎಷ್ಟು ಸಲ ಬಂದ, ಒಟ್ಟು ಎಷ್ಟು ಹಣದ ಸರಕು ಕೊಂಡ ಎಂಬ ಮೂರು ಪ್ರಶ್ನೆಗಳಿಗೆ ಒಂದರಿಂದ ಐದರವರೆಗೆ ಅಂಕ ನೀಡುವುದೇ ಆ ಪದ್ಧತಿ. ಅಮೆರಿಕದಲ್ಲಿ ಅಂಚೆಯ ಮೂಲಕ ಸರಕು ಮಾರುತ್ತಿದ್ದ ಕಂಪನಿಗಳು ಯಾರಿಗೆ ಕ್ಯಾಟಲಾಗ್ ಕಳುಹಿಸಬೇಕು, ಯಾರಿಗೆ ಕಳುಹಿಸಿದರೆ ಅಂಚೆ ವೆಚ್ಚ ದಂಡವಾಗುತ್ತದೆ ಎಂದು ನಿರ್ಧರಿಸಲು ಇದನ್ನು ಬಳಸುತ್ತಿದ್ದವು. ಪ್ರತಿ ಪ್ರಶ್ನೆಗೂ ಐದು ಮಟ್ಟಗಳಿರುವುದರಿಂದ ಗ್ರಾಹಕರು ಒಟ್ಟು 125 ಗುಂಪುಗಳಾಗಿ ವಿಂಗಡವಾಗುತ್ತಾರೆ. ಇತ್ತೀಚೆಗೆ ಬಂದವನು ಮತ್ತೆ ಬರುವ ಸಂಭವ ಹೆಚ್ಚು ಎಂಬ ಅನುಭವದಿಂದ ಮೊದಲ ಪ್ರಶ್ನೆಗೇ ಹೆಚ್ಚಿನ ತೂಕ ನೀಡಲಾಗುತ್ತದೆ.

ಇಂದು ಎಕ್ಸೆಲ್ ಹಾಳೆಯಲ್ಲಿಯೇ ಈ ಅಂಕಗಳನ್ನು ಅರ್ಧ ದಿನದಲ್ಲಿ ಸಿದ್ಧಪಡಿಸಬಹುದು. ಆದರೆ ನಗರದ ಬಟ್ಟೆ ಅಂಗಡಿಗೋ ಅಂಚೆ ಮಾರಾಟಕ್ಕೋ ಹೊಂದುವ ಅಳತೆಗೋಲನ್ನು ಹಾಗೆಯೇ ತಂದು ಹೋಬಳಿ ಕೇಂದ್ರದ ವ್ಯಾಪಾರಕ್ಕೆ ಹಿಡಿದರೆ ಒಳ್ಳೆಯ ಗ್ರಾಹಕ ಕೆಟ್ಟವನಾಗಿಯೂ, ನಷ್ಟ ತರುವ ಗ್ರಾಹಕ ಅತ್ಯುತ್ತಮನಾಗಿಯೂ ಕಾಣುತ್ತಾನೆ. ಹೊಸಕೋಟೆ ತಾಲ್ಲೂಕಿನ ನಂದಗುಡಿಯಂತಹ ಊರಿನ ಒಂದು ಕೃಷಿ ಪರಿಕರಗಳ ಅಂಗಡಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ಕೆಳಗಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ಆದರೆ ಸುತ್ತಲಿನ ಬೆಳೆಗಳ ಕ್ರಮ ವಾಸ್ತವದ್ದು.

ಆ ಅಂಗಡಿಗೆ ಮೂರು ಬಗೆಯ ರೈತರು ಬರುತ್ತಾರೆ ಎಂದಿಟ್ಟುಕೊಳ್ಳಬಹುದು. ಮಳೆಯಾಶ್ರಿತ ರಾಗಿ ಬೆಳೆಯುವವನು ಬಿತ್ತನೆಗೆ ಮುನ್ನ ಜೂನ್ 25ರಂದು ಒಮ್ಮೆ, ಮೇಲುಗೊಬ್ಬರಕ್ಕಾಗಿ ಆಗಸ್ಟ್ 10ರಂದು ಮತ್ತೊಮ್ಮೆ ಬರುತ್ತಾನೆ. ಅವನ ವರ್ಷದ ಖರೀದಿ 14,000 ರೂ. ರೇಷ್ಮೆ ಬೆಳೆಗಾರ ಪ್ರತಿ ಬೆಳೆಗೆ ಮುನ್ನ ಸಾಕಣೆ ಮನೆಯ ಸೋಂಕು ನಿವಾರಣೆಗೆ ಬ್ಲೀಚಿಂಗ್ ಪುಡಿ, ಸುಣ್ಣ, ಹಾಸಿಗೆಯ ಮೇಲೆ ಉದುರಿಸುವ ಪುಡಿ ಕೊಳ್ಳುತ್ತಾನೆ. ಹಿಪ್ಪುನೇರಳೆ ಸೊಪ್ಪು ಮತ್ತೆ ಬೆಳೆದು ನಿಲ್ಲಲು ಸುಮಾರು ಎರಡು ತಿಂಗಳು ಬೇಕಾಗುವುದರಿಂದ ಅವನು ವರ್ಷಕ್ಕೆ ಐದಾರು ಸಲ ಬರುವವನು. ಕಳೆದ ಏಪ್ರಿಲ್ 18ರಿಂದ ಡಿಸೆಂಬರ್ 26ರವರೆಗೆ ಪ್ರತಿ 63 ದಿನಕ್ಕೊಮ್ಮೆ, ಒಟ್ಟು ಐದು ಸಲ ಬಂದು 22,000 ರೂ. ಸರಕು ಕೊಂಡಿದ್ದಾನೆ. ಮೂರನೆಯವನು ಕೊಳವೆಬಾವಿಯ ನೀರಿನಲ್ಲಿ ಟೊಮೇಟೊ ಬೆಳೆಯುವವನು. ಅವನು ವರ್ಷದಲ್ಲಿ 24 ಸಲ ಬಂದು 60,000 ರೂ. ವ್ಯಾಪಾರ ಮಾಡಿದ್ದಾನೆ. ಕೊನೆಯ ಭೇಟಿ 12 ದಿನಗಳ ಹಿಂದಿನದು.

ಲೆಕ್ಕಪತ್ರ ವರ್ಷ ಮುಗಿಯುವ ಮಾರ್ಚ್ 31ರಂದು ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿ ಅಂಕ ಹಾಕಿದರೆ ಫಲಿತಾಂಶ ಹೀಗಾಗುತ್ತದೆ. ಟೊಮೇಟೊ ಬೆಳೆಗಾರನಿಗೆ ಮೂರರಲ್ಲಿಯೂ ಐದೈದು ಅಂಕ. ರೇಷ್ಮೆಯವನು ಬಂದು 95 ದಿನಗಳಾಗಿವೆ; ಅವನಿಗೆ ಎಲ್ಲದರಲ್ಲಿಯೂ ಮಧ್ಯದ ಮೂರು. ರಾಗಿಯವನು ಬಂದು 233 ದಿನಗಳಾಗಿರುವುದರಿಂದ ಮೊದಲ ಎರಡರಲ್ಲಿ ಒಂದೊಂದು, ಹಣದಲ್ಲಿ ಎರಡು. ಪದ್ಧತಿಯ ಸೂತ್ರದಂತೆ ಮೊದಲನೆಯವನಿಗೆ ವಿಶೇಷ ರಿಯಾಯಿತಿ, ಎರಡನೆಯವನಿಗೆ ಸಾಧಾರಣ ಸಂದೇಶ, ಮೂರನೆಯವನ ಹೆಸರು ಪಟ್ಟಿಯಿಂದ ಹೊರಗೆ. ಈ ಮೂರು ತೀರ್ಮಾನಗಳೂ ತಪ್ಪು.

ಮೊದಲನೆಯ ದೋಷ ದಿನಗಳ ಎಣಿಕೆಯಲ್ಲಿದೆ. ಆಗಸ್ಟ್ 10ಕ್ಕೆ ಮೇಲುಗೊಬ್ಬರ ಕೊಂಡ ರಾಗಿ ಬೆಳೆಗಾರನಿಗೆ ಮುಂದಿನ ಜೂನ್‌ವರೆಗೆ ಅಂಗಡಿಯಲ್ಲಿ ಕೆಲಸವಿಲ್ಲ. ಅವನ ಎರಡು ಖರೀದಿಗಳ ನಡುವಿನ ಸಹಜ ಅಂತರ 319 ದಿನ. 233ನೆಯ ದಿನ ಅವನು ಬಂದಿಲ್ಲವೆಂದರೆ ಅದು ಅವನು ಅಂಗಡಿ ಬಿಟ್ಟುಹೋದದ್ದರ ಗುರುತಲ್ಲ. ಆದರೆ 63 ದಿನಕ್ಕೊಮ್ಮೆ ಬರುತ್ತಿದ್ದ ರೇಷ್ಮೆಯವನು 95 ದಿನವಾದರೂ ಬಂದಿಲ್ಲವೆಂದರೆ ಏನೋ ನಡೆದಿದೆ. ಅಂಗಡಿಗೆ ತುರ್ತಾಗಿ ತಿಳಿಯಬೇಕಾದ ಸಂಗತಿ ಇದೇ, ಅಂಕಪಟ್ಟಿ ಮುಚ್ಚಿಟ್ಟದ್ದೂ ಇದನ್ನೇ.

ಪರಿಹಾರ ಸರಳವಾಗಿದೆ. ಕಳೆದ ದಿನಗಳನ್ನು ಆ ಗ್ರಾಹಕನದೇ ಸಹಜ ಅಂತರದಿಂದ ಭಾಗಿಸಬೇಕು. ರೇಷ್ಮೆಯವನಿಗೆ 95ನ್ನು 63ರಿಂದ ಭಾಗಿಸಿದರೆ ಒಂದೂವರೆ. ರಾಗಿಯವನಿಗೆ 233ನ್ನು 319ರಿಂದ ಭಾಗಿಸಿದರೆ ಮುಕ್ಕಾಲಿಗೂ ಕಡಿಮೆ. ಒಂದರ ಒಳಗಿರುವವನಿಗಾಗಿ ಕಾಯಬಹುದು, ಒಂದೂವರೆ ಮುಟ್ಟಿದವನನ್ನು ವಿಚಾರಿಸಬೇಕು, ಎರಡನ್ನು ದಾಟಿದವನು ಬಹುತೇಕ ಕೈತಪ್ಪಿದವನೆಂದು ಭಾವಿಸಬಹುದು. ಅಂತರ ತಿಳಿಯಲು ಕನಿಷ್ಠ ಮೂರು ನಾಲ್ಕು ಖರೀದಿಗಳ ದಿನಾಂಕ ಬೇಕು. ವರ್ಷಕ್ಕೆ ಎರಡೇ ಸಲ ಬರುವವನ ವಿಷಯದಲ್ಲಿ ಎರಡು ಮೂರು ವರ್ಷಗಳ ಬಿಲ್ಲುಗಳನ್ನು ನೋಡಬೇಕಾಗುತ್ತದೆ. ಅಷ್ಟಿಲ್ಲದಿದ್ದರೆ ಅದೇ ಬೆಳೆಯ ಇತರ ರೈತರ ಕ್ರಮವನ್ನು ಅನ್ವಯಿಸಬಹುದು. ಆದುದರಿಂದ ಗ್ರಾಹಕನ ಖಾತೆಯಲ್ಲಿ ಬೆಳೆಯ ಹೆಸರನ್ನು ಬರೆದಿಡುವುದು ಅಂಕಕ್ಕಿಂತ ಮೊದಲ ಕೆಲಸ.

ಎರಡನೆಯ ದೋಷ ಹಣದ ಅಂಕದಲ್ಲಿದೆ. ವಹಿವಾಟು ಬೇರೆ, ಲಾಭ ಬೇರೆ. ಟೊಮೇಟೊ ಬೆಳೆಗಾರನ 60,000 ರೂ.ಗಳಲ್ಲಿ 45,000 ರಸಗೊಬ್ಬರದ್ದು, 15,000 ಕೀಟನಾಶಕದ್ದು ಎಂದುಕೊಂಡು, ಗೊಬ್ಬರದಲ್ಲಿ ಶೇ. 3, ಔಷಧದಲ್ಲಿ ಶೇ. 12 ಲಾಭಾಂಶ ಹಿಡಿದರೆ ಅಂಗಡಿಗೆ ಉಳಿಯುವುದು 1,350 ಮತ್ತು 1,800, ಒಟ್ಟು 3,150 ರೂ. ಆದರೆ ಅವನ ಖಾತೆಯಲ್ಲಿ ಎಂಟು ತಿಂಗಳಿಂದ 38,000 ರೂ. ಬಾಕಿ ನಿಂತಿದೆ. ವ್ಯಾಪಾರಿ ಬ್ಯಾಂಕಿಗೆ ಶೇ. 12ರ ಬಡ್ಡಿ ತೆರುತ್ತಿದ್ದರೆ ಆ ಬಾಕಿಯ ಮೇಲಿನ ಬಡ್ಡಿಯೇ 3,040 ರೂ. ಐದು-ಐದು-ಐದು ಅಂಕದ ಗ್ರಾಹಕನಿಂದ ವರ್ಷಕ್ಕೆ ಉಳಿದದ್ದು 110 ರೂ. ಮಾತ್ರ. ನಗದು ಕೊಟ್ಟು 22,000 ರೂ. ಸರಕು ಒಯ್ದ ರೇಷ್ಮೆಯವನಿಂದ ಶೇ. 15ರ ಲಾಭಾಂಶದಲ್ಲಿ 3,300 ರೂ. ಉಳಿದಿದೆ. ಹೀಗಾಗಿ ಮೂರನೆಯ ಅಂಕವನ್ನು ಬಿಲ್ಲಿನ ಮೊತ್ತದ ಮೇಲೆ ನೀಡದೆ, ವಾಪಸು ಬಂದ ಸರಕನ್ನು ಕಳೆದು, ಲಾಭಾಂಶದಿಂದ ಬಾಕಿಯ ಬಡ್ಡಿಯನ್ನೂ ಕಳೆದು ಉಳಿದ ಮೊತ್ತದ ಮೇಲೆ ನೀಡುವುದು ಯುಕ್ತ.

ಬಾಕಿಯ ಖಾತೆಯನ್ನು ನೋಡಲು ಇನ್ನೊಂದು ಕಾರಣವೂ ಇದೆ. ಹಳ್ಳಿಯ ವ್ಯಾಪಾರದಲ್ಲಿ ಗ್ರಾಹಕ ಬರುವುದನ್ನು ನಿಲ್ಲಿಸುವುದು ಬೆಲೆ ಹೆಚ್ಚಾಯಿತೆಂಬ ಕಾರಣಕ್ಕೇ ಅಲ್ಲ. ಹಳೆಯ ಬಾಕಿ ಕೊಡಲಾಗದ ಸಂಕೋಚದಿಂದ ಅಂಗಡಿಯ ಮುಂದೆ ಹಾಯಲೂ ಹಿಂಜರಿದು, ನಗದು ಕೊಟ್ಟು ಬೇರೆಡೆ ಕೊಳ್ಳುವವರಿದ್ದಾರೆ. ಅಂಥವನಿಗೆ ಶೇ. 5ರ ರಿಯಾಯಿತಿಯ ಸಂದೇಶ ಕಳುಹಿಸುವುದು ನಿರರ್ಥಕ. ಬಾಕಿಯನ್ನು ಎರಡು ಮೂರು ಕಂತುಗಳಲ್ಲಿ ತೀರಿಸಲು ಅವಕಾಶ ಕೊಟ್ಟು, ಹೊಸ ಖರೀದಿಯನ್ನು ನಗದಿಗೆ ತಿರುಗಿಸಿದರೆ ಅವನೂ ಮರಳುತ್ತಾನೆ, ಹಣವೂ ಮರಳುತ್ತದೆ.

ಅಂಕ ಹಾಕುವ ಮುನ್ನ ಬಿಲ್ಲುಗಳನ್ನೂ ಒಪ್ಪ ಮಾಡಿಕೊಳ್ಳಬೇಕು. ತಂದೆಯ ಹೆಸರಿನಲ್ಲೊಂದು, ಮಗನ ಹೆಸರಿನಲ್ಲೊಂದು ಖಾತೆಯಿದ್ದರೆ ಒಂದೇ ಮನೆ ಇಬ್ಬರು ಬಡ ಗ್ರಾಹಕರಾಗಿ ಕಾಣುತ್ತದೆ. 2018ರಿಂದ ದೇಶದಾದ್ಯಂತ ಸಹಾಯಧನದ ಗೊಬ್ಬರ ಪಿಒಎಸ್ ಯಂತ್ರದ ಮೂಲಕವೇ ಮಾರಾಟವಾಗುತ್ತಿದ್ದು, ಅಲ್ಲಿ ಬೆರಳೊತ್ತಿದವನೂ ಅಂಗಡಿಯ ಖಾತೆಯವನೂ ಒಬ್ಬನೇ ಆಗಿರಬೇಕೆಂದಿಲ್ಲ. ಹೆಸರಿಲ್ಲದೆ ‘ನಗದು ಮಾರಾಟ’ ಎಂದು ಬರೆದ ಬಿಲ್ಲುಗಳಂತೂ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇಂಥ ಬಿಲ್ಲುಗಳು ಮಾರಾಟದ ಅರ್ಧದಷ್ಟಿದ್ದರೆ ಅಂಕಪಟ್ಟಿ ಉದ್ರಿ ಗ್ರಾಹಕರದಷ್ಟೇ ಆಗಿ, ನಗದು ಕೊಡುವ ಉತ್ತಮ ಗ್ರಾಹಕರೇ ಅದರಿಂದ ಹೊರಗುಳಿಯುತ್ತಾರೆ.

ವಿಂಗಡಣೆ ಸರಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹೆಚ್ಚು ಅಂಕದವರಿಗೆ ರಿಯಾಯಿತಿ ಕೊಟ್ಟಾಗ ಅವರಲ್ಲಿ ಬಹುಮಂದಿ ಬರುತ್ತಾರೆ, ಯೋಜನೆ ಫಲಿಸಿತೆಂದು ಸಂತೋಷವಾಗುತ್ತದೆ. ಆದರೆ ರಿಯಾಯಿತಿ ಇಲ್ಲದಿದ್ದರೂ ಅವರು ಬರುತ್ತಿದ್ದರೇ? ಇದನ್ನು ತಿಳಿಯಲು ಪ್ರತಿ ಗುಂಪಿನಲ್ಲಿಯೂ ಒಂದು ಬಿಟ್ಟು ಒಂದು ಹೆಸರಿಗೆ ಮಾತ್ರ ಕೊಡುಗೆ ಕಳುಹಿಸಿ ನೋಡಬೇಕು. ಮೇಲಿನ ಅಂಕದ 120 ಮಂದಿಯಲ್ಲಿ 60 ಮಂದಿಗೆ ತಲಾ 100 ರೂ. ರಿಯಾಯಿತಿ ನೀಡಿದಾಗ 42 ಮಂದಿ ಬಂದರು, ನೀಡದ 60 ಮಂದಿಯಲ್ಲಿ 39 ಮಂದಿ ತಾವಾಗಿಯೇ ಬಂದರು ಎಂದಿಟ್ಟುಕೊಳ್ಳಬಹುದು. ಕೊಡುಗೆ ತಂದದ್ದು ಮೂವರನ್ನು ಮಾತ್ರ. ತಲಾ 250 ರೂ. ಲಾಭಾಂಶದಂತೆ ಬಂದದ್ದು 750, ಕೊಟ್ಟದ್ದು 4,200. ಸಹಜ ಅಂತರ ಮೀರಿದ 60 ಮಂದಿಯಲ್ಲಿ 30 ಮಂದಿಗೆ ಅದೇ ಕೊಡುಗೆ ನೀಡಿದಾಗ ಒಂಬತ್ತು ಮಂದಿ, ನೀಡದ 30ರಲ್ಲಿ ಮೂವರು ಬಂದರೆ ಹೆಚ್ಚುವರಿ ಆರು ಮಂದಿ. ತಲಾ 400 ರೂ. ಲಾಭಾಂಶದಂತೆ 2,400 ಬಂದು, 900 ಹೋಗಿ, 1,500 ರೂ. ಉಳಿಯುತ್ತದೆ. ಇಷ್ಟು ಸಣ್ಣ ಗುಂಪುಗಳಲ್ಲಿ ಆಕಸ್ಮಿಕದ ಪಾಲೂ ಇರುವುದರಿಂದ ಎರಡು ಹಂಗಾಮುಗಳಲ್ಲಿ ಇದೇ ಫಲ ಬಂದರೆ ಮಾತ್ರ ನಂಬಬೇಕು.

ಹಾಗಾದರೆ ಆ ಮೂವರಿಗೆ ಮಾಡಬೇಕಾದದ್ದೇನು? ರಾಗಿಯವನಿಗೆ ಈಗ ಏನೂ ಬೇಡ. ಜೂನ್ ಮೊದಲ ವಾರದಲ್ಲಿ, ಬಿತ್ತನೆಯ ಮುನ್ನ, ಸರಕು ಬಂದಿದೆಯೆಂದು ತಿಳಿಸಿದರೆ ಸಾಕು. ಟೊಮೇಟೊದವನಿಗೆ ರಿಯಾಯಿತಿಯಲ್ಲ, ಬಾಕಿಯ ಕಂತು ಮತ್ತು ಉದ್ರಿಯ ಮಿತಿ. ರೇಷ್ಮೆಯವನಿಗೆ ಇಂದೇ ದೂರವಾಣಿ ಕರೆ. ಅವನ ಕೊಳವೆಬಾವಿ ಬತ್ತಿ ಒಂದು ಬೆಳೆ ತಪ್ಪಿರಬಹುದು. ಅಥವಾ ಚಾಕಿ ಕೇಂದ್ರದಲ್ಲಿ ಹುಳುವಿನ ಜೊತೆಗೇ ಪುಡಿಯನ್ನೂ ಕೊಳ್ಳುತ್ತಿರಬಹುದು. ಮೊದಲನೆಯದಾದರೆ ಕಾಯಬೇಕು, ಎರಡನೆಯದಾದರೆ ಕೊಡುಗೆ ಉಪಯೋಗಕ್ಕೆ ಬರುತ್ತದೆ. ಅವನು ತಡಮಾಡಿದ್ದಾನೆ ಎಂಬುದನ್ನಷ್ಟೇ ಅಂಕ ಹೇಳಬಲ್ಲದು, ಕಾರಣವನ್ನು ಅವನನ್ನೇ ಕೇಳಬೇಕು.

ಹೊಸಕೋಟೆಯ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗೆ ಇಡೀ ವರ್ಷ ಇಪ್ಪತ್ತು ಮೂವತ್ತು ಗ್ರಾಹಕ ಕಂಪನಿಗಳಷ್ಟೇ ಇರಬಹುದು. ಅವನಿಗೆ 125 ಗುಂಪುಗಳು ಅನವಶ್ಯಕ. ಪ್ರತಿ ಕಂಪನಿಯ ಸಹಜ ಆರ್ಡರ್ ಅಂತರ, ಕೊನೆಯ ಆರ್ಡರಿನ ದಿನಾಂಕ, ಬಾಕಿ ಕಳೆದ ಲಾಭ ಎಂಬ ಮೂರು ಅಂಕಣಗಳನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ನಂದಗುಡಿಯ ಅಂಗಡಿಯಾದರೆ ಮುಂಗಾರಿಗೆ ಮುನ್ನ ಒಮ್ಮೆ, ಹಿಂಗಾರಿಗೆ ಮುನ್ನ ಒಮ್ಮೆ ಪಟ್ಟಿಯನ್ನು ಹೊಸದಾಗಿ ಮಾಡಿಕೊಳ್ಳಬೇಕು. ಮಾರ್ಚ್ 31 ಆದಾಯ ತೆರಿಗೆಯ ಲೆಕ್ಕಕ್ಕೆ ವರ್ಷಾಂತ್ಯವೇ ಹೊರತು ಹೊಲದ ಲೆಕ್ಕಕ್ಕಲ್ಲ.